ಒಬ್ಬಳನ್ನು ಕೇಳಿದರೆ ಇಬ್ಬರು

ಎ4 ಅಳತೆಯ ಮುಖಪುಟವನ್ನು ಅಚ್ಚಿಗೆ ಕೊಡುವಾಗ ಪ್ರೆಸ್‌ನವರು ಕೇಳುವುದು ಇಂಚಿಗೆ 300 ಚುಕ್ಕೆ. ಲೆಕ್ಕ ಹಾಕಿದರೆ ಚಿತ್ರ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಎತ್ತರ ಇರಬೇಕು. ಹಾಗಾಗಿ ಸ್ಟೇಬಲ್ ಡಿಫ್ಯೂಷನ್ ತರಹದ ಚಿತ್ರ ಬರೆಯುವ ತಂತ್ರಾಂಶವನ್ನು ಹೊಸದಾಗಿ ತನ್ನ ಕಂಪ್ಯೂಟರಿಗೆ ಹಾಕಿಕೊಂಡ ಡಿಸೈನರ್ ಮೊದಲು ಮಾಡುವ ಕೆಲಸವೆಂದರೆ ಅಗಲ, ಎತ್ತರದ ಖಾನೆಗಳಲ್ಲಿ ಆದಷ್ಟು ದೊಡ್ಡ ಅಂಕಿ ತುಂಬುವುದು. ಯಂತ್ರ ಬೇಡ ಅನ್ನುವುದಿಲ್ಲ. ಎಚ್ಚರಿಕೆಯ ಒಂದು ಸಾಲೂ ಪರದೆಯ ಮೇಲೆ ಬರುವುದಿಲ್ಲ. ಫ್ಯಾನು ಜೋರಾಗಿ ತಿರುಗಿ, ಕಾಯಿಸಿ ಕಾಯಿಸಿ ಕೊನೆಗೆ ಚಿತ್ರ ಬರುತ್ತದೆ. ಸೀರೆಯ ನೇಯ್ಗೆ ಕಾಣುವಷ್ಟು ಸ್ಪಷ್ಟವಾಗಿಯೂ ಇರುತ್ತದೆ. ಆದರೆ ಸೀರೆ ಉಟ್ಟವಳಿಗೆ ಸೊಂಟ ಎರಡು.

ಇದು ಅಪರೂಪದ ಎಡವಟ್ಟಲ್ಲ, ಕಾರಣ ಗೊತ್ತಿರುವ, ಮೊದಲೇ ಊಹಿಸಬಹುದಾದ ದೋಷ. ಸ್ಟೇಬಲ್ ಡಿಫ್ಯೂಷನ್ 1.5 ಎಂಬ ಮಾಡೆಲನ್ನೇ ಇಟ್ಟುಕೊಂಡು ನೋಡೋಣ. 2022ರಲ್ಲಿ ಬಂದ ಈ ಮಾಡೆಲ್ ಹಳೆಯದಾಯಿತು, ನಿಜ. ಆದರೂ ಸಾಧಾರಣ ಗ್ರಾಫಿಕ್ಸ್ ಕಾರ್ಡಿನ ಮೇಲೂ ಓಡುತ್ತದೆ, ಮತ್ತು ಈ ದೋಷ ಇದರಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದಿಲ್ಲ. ಅದಕ್ಕೆ ಇಂಥದೊಂದು ಪ್ರಾಂಪ್ಟ್ ಕೊಟ್ಟಿದ್ದೇವೆ ಎನ್ನಿ:

```
full body photo of a woman in a red saree, standing in a courtyard
```

512×512 ಅಳತೆಯಲ್ಲಿ ಒಬ್ಬಳೇ ಹೆಂಗಸು ಬರುತ್ತಾಳೆ. ಪಾದ ಚೌಕಟ್ಟಿನಾಚೆ ಹೋಗಿರಬಹುದು, ಬೆರಳು ಕೆಟ್ಟಿರಬಹುದು, ಆದರೆ ಒಬ್ಬಳೇ. 1024×1024 ಕೇಳಿದರೆ ಅಕ್ಕಪಕ್ಕ ಇಬ್ಬರು ಅವಳಿಯಂತೆ ನಿಲ್ಲುತ್ತಾರೆ, ಇಲ್ಲವೇ ಮುಂದೆ ಒಬ್ಬಳು, ಅಂಗಳದ ಮೂಲೆಯಲ್ಲಿ ಅದೇ ಕೆಂಪು ಸೀರೆಯ ಇನ್ನೊಬ್ಬಳು. 512×1024ರಷ್ಟು ಉದ್ದ ಮಾಡಿದರೆ ಅಗಲದಲ್ಲಿ ಇಬ್ಬರಿಗೆ ಜಾಗವಿಲ್ಲವಲ್ಲ, ಒಬ್ಬಳೇ ಇರುತ್ತಾಳೆ. ಆದರೆ ಎದೆಯಿಂದ ಸೊಂಟದವರೆಗಿನ ದೂರ ಎರಡು ಪಟ್ಟಾಗಿ, ನಡುವೆ ಎಲ್ಲೋ ನೆರಿಗೆ ಶುರುವಾಗಿ, ಮುಗಿದು, ಮತ್ತೆ ಶುರುವಾಗುತ್ತದೆ. ಕೆಲವು ಸಲ ಹೊಟ್ಟೆಯ ಜಾಗದಲ್ಲಿ ಇನ್ನೊಂದು ಮುಖವೇ ಮೂಡುತ್ತದೆ. ಪ್ರತಿ ಸಲವೂ ಹೀಗಾಗುತ್ತದೆ ಎಂದಲ್ಲ. ಹತ್ತಾರು ಚಿತ್ರ ತೆಗೆದರೆ ಒಂದೆರಡು ಸರಿಯಾಗಿಯೇ ಬಂದುಬಿಡುತ್ತವೆ, ಅದರಿಂದಲೇ ಜನ ತಪ್ಪು ಪ್ರಾಂಪ್ಟಿನದು ಎಂದುಕೊಂಡು ಪದಗಳನ್ನು ತಿದ್ದುತ್ತ ಕೂರುತ್ತಾರೆ.

ತಪ್ಪು ಇರುವುದು ಅಳತೆಯಲ್ಲಿ. ಅದು ಅರ್ಥವಾಗಬೇಕಾದರೆ ಈ ಮಾಡೆಲ್ ಚಿತ್ರವನ್ನು ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಸ್ಟೇಬಲ್ ಡಿಫ್ಯೂಷನ್ ನೇರವಾಗಿ ಪಿಕ್ಸೆಲ್‌ಗಳ ಮೇಲೆ ಕೆಲಸ ಮಾಡುವುದಿಲ್ಲ. ಚಿತ್ರವನ್ನು ಉದ್ದಕ್ಕೂ ಅಡ್ಡಕ್ಕೂ ಎಂಟು ಪಟ್ಟು ಕುಗ್ಗಿಸಿದ ಒಂದು ಸಂಕ್ಷಿಪ್ತ ರೂಪವಿರುತ್ತದೆ, ಅದನ್ನು ಲೇಟೆಂಟ್ ಎನ್ನುತ್ತಾರೆ. 512×512 ಪಿಕ್ಸೆಲಿನ ಚಿತ್ರ ಅದರ ಪಾಲಿಗೆ 64×64 ಮನೆಗಳ ಜಾಲ, ಅಂದರೆ 4,096 ಮನೆ. ಕೆಲಸ ಶುರುವಾಗುವಾಗ ಈ ಮನೆಗಳಲ್ಲಿ ಇರುವುದು ಬರೀ ನಾಯ್ಸ್, ಅರ್ಥವಿಲ್ಲದ ಅಂಕಿಗಳ ಗೊಂದಲ. ಇಪ್ಪತ್ತೋ ಮೂವತ್ತೋ ಹೆಜ್ಜೆಗಳಲ್ಲಿ ಮಾಡೆಲ್ ಆ ಗೊಂದಲವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ, ಒಳಗೊಂದು ಚಿತ್ರ ಅಡಗಿದೆ ಎಂಬಂತೆ ಅದನ್ನು ಹೊರಗೆಳೆಯುತ್ತದೆ. ಕೊನೆಗೆ ಆ 64×64 ಜಾಲವನ್ನು ಮತ್ತೆ 512×512 ಪಿಕ್ಸೆಲ್‌ಗೆ ಬಿಡಿಸುತ್ತಾರೆ.

ಈ ವಿದ್ಯೆಯನ್ನು ಅದು ಕಲಿತದ್ದು ಮೊದಲು 256, ಆಮೇಲೆ 512 ಪಿಕ್ಸೆಲಿನ ಚೌಕಗಳ ಮೇಲೆ. ತರಬೇತಿಗೆ ಬಳಸಿದ ಫೋಟೊಗಳು ಉದ್ದವಿರಲಿ, ಅಡ್ಡವಿರಲಿ, ಕತ್ತರಿಸಿ ಚೌಕ ಮಾಡಿಯೇ ತೋರಿಸಿದ್ದರು. ಹೀಗಾಗಿ ‘ನಿಂತ ಹೆಂಗಸು’ ಎಂದರೆ 64 ಮನೆಯ ಜಾಲದಲ್ಲಿ ತಲೆ ಸುಮಾರಾಗಿ ಎಷ್ಟು ಮನೆ ಹಿಡಿಯುತ್ತದೆ, ತಲೆಯಿಂದ ಎಷ್ಟು ಮನೆ ಕೆಳಗೆ ಸೊಂಟ ಬರುತ್ತದೆ ಎಂಬ ಅಂದಾಜು ಅದಕ್ಕೆ ಕೂತಿದೆ. ಮನುಷ್ಯನ ಅಂಗಾಂಗಗಳ ಅನುಪಾತ ಅದಕ್ಕೆ ಬೇರೆ ಯಾವ ರೀತಿಯಲ್ಲೂ ಗೊತ್ತಿಲ್ಲ. ಮೂಳೆ, ಕೀಲು, ದೇಹ ಎಂಬ ಲೆಕ್ಕವೇ ಅಲ್ಲಿಲ್ಲ. ಇರುವುದೆಲ್ಲ ಮನೆಗಳ ಲೆಕ್ಕದ ರೂಢಿ.

ಹಾಗಿದ್ದ ಮೇಲೆ ದೊಡ್ಡ ಅಳತೆ ಕೇಳಿದಾಗ ಯಂತ್ರ ಆಗುವುದಿಲ್ಲ ಎನ್ನಬೇಕಿತ್ತಲ್ಲ? ಎನ್ನುವುದಿಲ್ಲ, ಏಕೆಂದರೆ ಅದರ ಒಳಗಿನ ಮುಖ್ಯ ಹತ್ಯಾರಾದ ಕನ್ವಲ್ಯೂಷನ್‌ಗೆ ಇಂಥದೇ ಅಳತೆ ಎಂಬುದಿಲ್ಲ. ಅದೊಂದು ಮೂರು ಮನೆ ಅಗಲ, ಮೂರು ಮನೆ ಎತ್ತರದ ಪುಟ್ಟ ಕಿಂಡಿ. ಜಾಲದ ಮೇಲೆ ಸರಿಯುತ್ತ ಹೋಗಿ, ತನ್ನ ಕೆಳಗಿರುವ ಒಂಬತ್ತು ಮನೆಗಳನ್ನು ನೋಡಿ ನಡುವಿನ ಮನೆಯ ಬೆಲೆಯನ್ನು ನಿರ್ಧರಿಸುತ್ತದೆ. ಜಾಲ 64 ಇದ್ದರೆ 64ರ ಮೇಲೆ ಸರಿಯುತ್ತದೆ, 128 ಇದ್ದರೆ 128ರ ಮೇಲೆ. ದೂರದ್ದನ್ನೂ ನೋಡಲಿ ಎಂದು ಮಾಡೆಲಿನ ಒಳಗೆ ಜಾಲವನ್ನು ಹಂತ ಹಂತವಾಗಿ ಅರ್ಧಕ್ಕೆ ಇಳಿಸುತ್ತಾರೆ: 64, 32, 16, ಕೊನೆಗೆ 8. ಆ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ ಒಂದು ಮನೆ ಎಂದರೆ 64 ಪಿಕ್ಸೆಲ್. ಮೂರು ಮನೆಯ ಕಿಂಡಿ 192 ಪಿಕ್ಸೆಲ್ ಅಗಲವನ್ನು ಒಂದೇ ನೋಟದಲ್ಲಿ ಕಾಣುತ್ತದೆ. 512ರ ಚಿತ್ರದಲ್ಲಿ ಇದು ಅಗಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಯಿತು. ಇಂಥ ಕೆಲವು ಪದರಗಳು ಒಂದರ ಮೇಲೊಂದು ಬಂದರೆ ಇಡೀ ಚಿತ್ರ ಕಣ್ಣಳತೆಗೆ ಸಿಕ್ಕಿತು. ಅದೇ ಕಿಂಡಿ 1024ರ ಚಿತ್ರದಲ್ಲಿ ಕಾಣುವುದು ಅಗಲದ ಐದನೇ ಒಂದು ಭಾಗಕ್ಕೂ ಕಡಿಮೆ. ಚಿತ್ರ ಬೆಳೆಯಿತು, ಕಣ್ಣು ಬೆಳೆಯಲಿಲ್ಲ.

ಇಡೀ ಜಾಲವನ್ನು ಒಟ್ಟಿಗೆ ನೋಡುವ ವ್ಯವಸ್ಥೆಯೂ ಮಾಡೆಲಿನಲ್ಲಿದೆ, ಇಲ್ಲವೆಂದಲ್ಲ. ಅಟೆನ್ಷನ್ ಎಂಬ ಪದರಗಳಲ್ಲಿ ಪ್ರತಿ ಮನೆಯೂ ಉಳಿದೆಲ್ಲ ಮನೆಗಳನ್ನು ವಿಚಾರಿಸಿಕೊಳ್ಳುತ್ತದೆ. ಆದರೆ ಅದೂ 4,096 ಮನೆಗಳ ನಡುವೆ ವಿಚಾರಿಸಿ ಕಲಿತದ್ದು. 1024×1024 ಆದಾಗ ಮನೆಗಳು 16,384. ಜೋಡಿಗಳ ಲೆಕ್ಕದಲ್ಲಿ ಸುಮಾರು 1.68 ಕೋಟಿಯಿಂದ 26.8 ಕೋಟಿಗೆ, ಹದಿನಾರು ಪಟ್ಟಿಗೆ ಏರಿತು. (ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುವುದೂ ಇದರಿಂದಲೇ.) ಪ್ರತಿ ಮನೆಯ ಗಮನ ನಾಲ್ಕು ಪಟ್ಟು ಮನೆಗಳ ಮೇಲೆ ಹಂಚಿಹೋಗಿ, ‘ಆ ಕಡೆ ಆಗಲೇ ಒಂದು ಮುಖವಿದೆ’ ಎಂಬ ಸುದ್ದಿ ತೆಳುವಾಗಿ ತಲುಪುತ್ತದೆ. ಜೊತೆಗೆ ಜಾಲದಲ್ಲಿ ನೀನು ಎಷ್ಟನೇ ಸಾಲಿನ ಮನೆ ಎಂದು ಹೇಳುವ ನಂಬರು ಈ ಮಾಡೆಲಿನಲ್ಲಿ ಇಲ್ಲ. ಅಂಚಿನ ಮನೆಗಳಿಗೆ ಅಂಚು ಹತ್ತಿರವಿರುವುದು ಹೇಗೋ ತಿಳಿಯುತ್ತದೆ. ದೊಡ್ಡ ಜಾಲದ ನಟ್ಟನಡುವಿನ ಮನೆಗೆ ಆ ಸುಳಿವೂ ದೂರ.

ಇದರ ಮೇಲೆ ಪ್ರಾಂಪ್ಟ್. ನಾವು ಬರೆದ ಸಾಲನ್ನು ಮಾಡೆಲ್ ಇಡೀ ಚಿತ್ರಕ್ಕೆ ಒಂದು ಸಲ ಓದಿ ಹೇಳುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ, ಪ್ರತಿ ಮನೆಗೂ ಅದೇ ಸಾಲು ತಲುಪುತ್ತದೆ. ಎಡಭಾಗದ ಮನೆಗಳಿಗೂ ‘ಕೆಂಪು ಸೀರೆಯ ಹೆಂಗಸು’, ಬಲಭಾಗದ ಮನೆಗಳಿಗೂ ‘ಕೆಂಪು ಸೀರೆಯ ಹೆಂಗಸು’. ಚಿಕ್ಕ ಜಾಲದಲ್ಲಿ ಎರಡೂ ಬದಿಯವರು ಒಬ್ಬರನ್ನೊಬ್ಬರು ಕಂಡು, ಒಂದೇ ಆಕೃತಿಗೆ ಒಪ್ಪಿಕೊಳ್ಳುತ್ತಾರೆ. ದೊಡ್ಡ ಜಾಲದಲ್ಲಿ ಎರಡೂ ಬದಿಯಲ್ಲಿ ತಲಾ 64 ಮನೆಯಷ್ಟು ಜಾಗವಿದೆ, ಪ್ರತಿಯೊಂದೂ ಮಾಡೆಲಿಗೆ ಚೆನ್ನಾಗಿ ರೂಢಿಯಾದ ಒಂದು ಪೂರ್ತಿ ಚಿತ್ರದ ಅಳತೆ. ಎರಡು ಕಡೆಯೂ ತಮ್ಮ ಪಾಲಿನ ಹೆಂಗಸನ್ನು ಬರೆದುಬಿಡುತ್ತವೆ.

ಬೆಂಗಳೂರಿನ ಗಾಂಧಿನಗರದ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಕೈಬರಹದ ಕಟೌಟ್‌ಗಳನ್ನು ನೋಡಿದವರಿಗೆ ಇದು ಬೇಗ ಹೊಳೆದೀತು. ಮೂರು ಮಾಳಿಗೆ ಎತ್ತರದ ನಾಯಕನನ್ನು ಹಲಗೆ ಹಲಗೆಯಾಗಿ ಬರೆದು ಆಮೇಲೆ ಜೋಡಿಸುತ್ತಿದ್ದರು. ಮೊಣಕಾಲಿನ ಹಲಗೆಯ ಮುಂದೆ ಕೂತವನಿಗೆ ಇದು ಮೊಣಕಾಲು ಎಂದು ತಿಳಿಯುತ್ತಿದ್ದದ್ದು ಕೈಯಲ್ಲಿನ ಚಿಕ್ಕ ಫೋಟೊದಿಂದ, ಅದರ ಮೇಲೆ ಎಳೆದ ಚೌಕುಳಿ ಗೆರೆಗಳಿಂದ. ಆ ಫೋಟೊ ಕಿತ್ತುಕೊಂಡು, ಎಲ್ಲ ಹಲಗೆಯವರಿಗೂ ‘ನಾಯಕ ನಿಂತಿದ್ದಾನೆ, ಬರೀರಿ’ ಎಂದಷ್ಟೇ ಹೇಳಿದ್ದರೆ ಒಂದೊಂದು ಹಲಗೆಯಲ್ಲೂ ಒಬ್ಬೊಬ್ಬ ನಾಯಕ ಬರುತ್ತಿದ್ದ. ಅಳತೆ ಮೀರಿದ ಚಿತ್ರ ಕೇಳಿದಾಗ ನಾವು ಮಾಡೆಲಿನಿಂದ ಕಿತ್ತುಕೊಳ್ಳುವುದು ಆ ಚಿಕ್ಕ ಫೋಟೊವನ್ನೇ.

ಉದ್ದ ಚಿತ್ರದಲ್ಲಿ ದೇಹ ಹಿಗ್ಗುವುದೂ ಇದೇ ಕಾರಣದ ಇನ್ನೊಂದು ಮುಖ. ಮೇಲಿನ 512ರಲ್ಲಿ ತಲೆ, ಭುಜ, ಎದೆ ಬಂದವು. ಕೆಳಗಿನ 512 ತನ್ನ ರೂಢಿಯಂತೆ ಇನ್ನೊಂದು ಮುಂಡ ಬರೆಯಹೊರಟಿತು. ಆದರೆ ಮೇಲಿನ ಗಡಿಯಲ್ಲಿ ಸೀರೆ ಆಗಲೇ ಇಳಿದುಬರುತ್ತಿರುವುದು ಅದಕ್ಕೆ ಕಾಣುತ್ತದೆ. ಅಕ್ಕಪಕ್ಕದ ಮನೆಗಳ ಮಟ್ಟಿಗೆ ಮಾಡೆಲ್ ಬಲು ಶಿಸ್ತಿನದು, ಬಣ್ಣ ಬಣ್ಣಕ್ಕೆ, ಅಂಚು ಅಂಚಿಗೆ ಹೊಂದಿಸಿಯೇ ತೀರುತ್ತದೆ. ಹಾಗೆ ಎರಡು ಮುಂಡಗಳು ಒಂದೇ ಸೀರೆಯೊಳಗೆ ಬೆಸೆದುಕೊಂಡು ಒಂದು ಉದ್ದ ಮುಂಡವಾಗುತ್ತದೆ. ಬೆಸುಗೆಯ ಗುರುತೂ ಸಿಗುವುದಿಲ್ಲ. ಇಂಥ ಚಿತ್ರದಲ್ಲಿ ಯಾವ ಒಂದು ತುಂಡನ್ನು ಕೈಯಿಂದ ಮುಚ್ಚಿ ನೋಡಿದರೂ ಉಳಿದದ್ದು ಸರಿಯಾಗಿಯೇ ಕಾಣುತ್ತದೆ. ತುಂಡುಗಳೆಲ್ಲ ಸರಿ, ಒಟ್ಟು ಮಾತ್ರ ತಪ್ಪು.

ಬೆಟ್ಟ, ಕಾಡು, ಮೋಡ, ಸಂತೆಯ ಜನಜಂಗುಳಿಯ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ನೇರವಾಗಿ ತೆಗೆದವರು ‘ನಮಗೇನೂ ಆಗಿಲ್ಲವಲ್ಲ’ ಎನ್ನುವುದುಂಟು. ಆಗಿರುತ್ತದೆ. ಒಂದು ಬೆಟ್ಟದ ಪಕ್ಕ ಇನ್ನೊಂದು ಬೆಟ್ಟ ಬಂದರೆ ಯಾರೂ ಎಣಿಸುವುದಿಲ್ಲ, ಅಷ್ಟೇ. ಸೂರ್ಯ ಇರುವ ದೃಶ್ಯ ಕೇಳಿ ನೋಡಿದರೆ ಗೊತ್ತಾಗುತ್ತದೆ, ಅಗಲವಾದ ಚಿತ್ರದಲ್ಲಿ ಎರಡು ಸೂರ್ಯ ಹುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಈ ತೊಂದರೆಗೆ ಜನ ಮೊದಲು ಮಾಡುವ ಮದ್ದು ನೆಗೆಟಿವ್ ಪ್ರಾಂಪ್ಟಿನಲ್ಲಿ ‘ಎರಡು ತಲೆ ಬೇಡ, ಉದ್ದ ದೇಹ ಬೇಡ’ ಎಂದು ಬರೆಯುವುದು. ಅದರಿಂದ ಹೆಚ್ಚು ಪ್ರಯೋಜನ ನಾನು ಕಾಣೆ. ಆ ಸಾಲೂ ಪ್ರತಿ ಮನೆಗೂ ಪ್ರತ್ಯೇಕವಾಗಿಯೇ ಹೋಗುತ್ತದೆ. ಎಡಭಾಗ ತನ್ನೊಳಗೆ ನೋಡಿಕೊಂಡರೆ ಅಲ್ಲಿರುವುದು ಒಂದೇ ತಲೆ, ಬಲಭಾಗದಲ್ಲೂ ಒಂದೇ. ಯಾರು ತಿದ್ದಿಕೊಳ್ಳಬೇಕು?

ಸರಿಯಾದ ದಾರಿ ಕಟೌಟ್ ಬರೆಯುವವರದೇ: ಮೊದಲು ಚಿಕ್ಕದು. ಮಾಡೆಲ್ ಕಲಿತ ಅಳತೆಯಲ್ಲಿ, ಅಥವಾ ಅದರ ತೀರಾ ಹತ್ತಿರದಲ್ಲಿ, ಚಿತ್ರದ ಒಟ್ಟು ಕಟ್ಟನ್ನು ಪಡೆದುಕೊಂಡು, ಆಮೇಲೆ ಅದನ್ನೇ ಆಧಾರವಾಗಿಟ್ಟು ದೊಡ್ಡದು ಮಾಡುವುದು. ಆಟೋಮ್ಯಾಟಿಕ್1111 ಎಂದು ಹೆಸರಾದ ಬಳಕೆಯ ಪರದೆಯಲ್ಲಿ ಇದಕ್ಕೆಂದೇ `Hires. fix` ಎಂಬ ಖಾನೆಯಿದೆ. ನಮ್ಮ ಮುಖಪುಟದ ಹೆಂಗಸಿಗೆ ಹೀಗೆ ತುಂಬಬಹುದು:

```
Width: 512
Height: 768
Hires. fix: on
Upscaler: R-ESRGAN 4x+
Upscale by: 2
Denoising strength: 0.4
```

ಎತ್ತರ 768 ಎಂಬುದು 512ನ್ನು ಮೀರಿತಲ್ಲ ಎನ್ನಬಹುದು. ಮೀರಿತು, ಆದರೆ ಒಂದೂವರೆ ಪಟ್ಟಿನ ಒಳಗೆ ಮಾಡೆಲ್ ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತದೆ, ಇನ್ನೊಂದು ಮುಂಡ ಕೂರುವಷ್ಟು ಜಾಗ ಅಲ್ಲಿಲ್ಲ. ಸೊಂಟ ಒಂದಿಷ್ಟು ಎಳೆದಂತೆ ಬರುವುದು ಇಲ್ಲೂ ಆಗಾಗ ಇದ್ದದ್ದೇ. ಹಾಗೆ ಬಂದದ್ದನ್ನು ಈ ಹಂತದಲ್ಲೇ ಬಿಸಾಡಿ ಬೇರೆ ತೆಗೆಯಬೇಕು. ಚಿಕ್ಕ ಚಿತ್ರ ಬೇಗ ಬರುವುದರಿಂದ ಹತ್ತರಲ್ಲಿ ಒಂದನ್ನು ಆರಿಸುವ ಐಷಾರಾಮ ಇಲ್ಲಿ ಇದೆ, ದೊಡ್ಡದರಲ್ಲಿ ಇಲ್ಲ.

ಆರಿಸುವಾಗ ಮುಖ ನೋಡಬೇಡಿ. ಮುಖ ಚೆನ್ನಾಗಿದ್ದರೆ ಕಣ್ಣು ಉಳಿದದ್ದನ್ನೆಲ್ಲ ಕ್ಷಮಿಸಿಬಿಡುತ್ತದೆ. ಮೊಣಕೈ ಎಲ್ಲಿ ಬಂದಿದೆ ನೋಡಿ: ಕೈ ಇಳಿಬಿಟ್ಟು ನಿಂತವರ ಮೊಣಕೈ ಸೊಂಟದ ಆಸುಪಾಸಿನಲ್ಲಿರುತ್ತದೆ, ಬೆರಳ ತುದಿ ತೊಡೆಯ ನಡುವಿಗೆ ಬರುತ್ತದೆ. ಇಡೀ ಎತ್ತರ ತಲೆಯ ಉದ್ದದ ಏಳು, ಏಳೂವರೆ ಪಟ್ಟು. ಒಂಬತ್ತು, ಹತ್ತು ಬಂದರೆ ಹಿಗ್ಗಿದೆ. ನೆರಿಗೆ ಒಂದೇ ಕಡೆ ಹುಟ್ಟಬೇಕು, ಸೊಂಟಪಟ್ಟಿ ಒಂದೇ ಇರಬೇಕು. ಹಿಂದಿನ ಅಂಗಳದ ನೆಲ ಮತ್ತು ಗೋಡೆ ಸೇರುವ ಗೆರೆ ಹೆಂಗಸಿನ ಎಡಗಡೆ ಒಂದು ಎತ್ತರ, ಬಲಗಡೆ ಇನ್ನೊಂದು ಎತ್ತರದಲ್ಲಿದ್ದರೆ ಎರಡು ಚಿತ್ರಗಳು ಬೆಸೆದಿವೆ ಎಂದೇ ಅರ್ಥ.

ಇನ್ನು `Denoising strength`. ಎರಡನೇ ಸುತ್ತಿನಲ್ಲಿ ನಡೆಯುವುದಿಷ್ಟು: ಆರಿಸಿದ ಚಿತ್ರವನ್ನು ಅಪ್‌ಸ್ಕೇಲರ್ ಮೊದಲು 1024×1536ಕ್ಕೆ ಹಿಗ್ಗಿಸುತ್ತದೆ. ಹಿಗ್ಗಿದ್ದರ ಮೇಲೆ ಸ್ವಲ್ಪ ನಾಯ್ಸ್ ಹಾಕಿ, ಮಾಡೆಲಿಗೆ ಅದನ್ನು ಮತ್ತೆ ತೆಗೆಯಲು ಹೇಳುತ್ತಾರೆ. ಎಷ್ಟು ನಾಯ್ಸ್ ಎಂಬುದೇ ಈ ಅಂಕಿ. 1 ಎಂದರೆ ಪೂರ್ತಿ ಅಳಿಸಿ ಮೊದಲಿನಿಂದ ಶುರು, ಅಂದರೆ ದೊಡ್ಡ ಅಳತೆಯನ್ನು ನೇರವಾಗಿ ಕೇಳಿದ ಹಾಗೆಯೇ, ಇಬ್ಬರು ಹೆಂಗಸರು ವಾಪಸು ಬರುತ್ತಾರೆ. 0.4 ಎಂದರೆ ದಾರಿಯ ಮೊದಲ ಭಾಗವನ್ನು ಹಾರಿಸಿ, ಕೊನೆಯ ಹತ್ತರಲ್ಲಿ ನಾಲ್ಕು ಭಾಗವನ್ನಷ್ಟೇ ನಡೆಯುವುದು. ಈ ಹಾರಿಸುವಿಕೆಯಲ್ಲೇ ಗುಟ್ಟಿರುವುದು. ನಾಯ್ಸ್ ತೆಗೆಯುವ ಕೆಲಸದಲ್ಲಿ ದೊಡ್ಡ ವಿಷಯಗಳು, ಎಷ್ಟು ಜನ, ತಲೆ ಎಲ್ಲಿ, ಸೊಂಟ ಎಲ್ಲಿ ಎಂಬುದೆಲ್ಲ, ಮೊದಲ ಹೆಜ್ಜೆಗಳಲ್ಲೇ ತೀರ್ಮಾನವಾಗಿಬಿಡುತ್ತವೆ. ಕೊನೆಯ ಹೆಜ್ಜೆಗಳಿಗೆ ಉಳಿಯುವುದು ಜರಿಯ ಎಳೆ, ರೆಪ್ಪೆಯ ಕೂದಲು, ಕಲ್ಲಿನ ಒರಟು. ಇವನ್ನು ಬರೆಯಲು ದೂರ ನೋಡಬೇಕಾಗಿಲ್ಲ, ಚಿಕ್ಕ ಕಿಂಡಿ ಧಾರಾಳ ಸಾಕು. ದೊಡ್ಡ ಅಳತೆಯಲ್ಲಿ ಮಾಡೆಲಿಗೆ ಯಾವುದು ಆಗುವುದಿಲ್ಲವೋ ಅದನ್ನು ಚಿಕ್ಕದರಲ್ಲಿ ಮುಗಿಸಿ, ಯಾವುದು ಆಗುತ್ತದೋ ಅದನ್ನಷ್ಟೇ ದೊಡ್ಡದರಲ್ಲಿ ಮಾಡಿಸುತ್ತಿದ್ದೇವೆ.

ಎಷ್ಟು ಸಾಕು ಎಂಬುದು ಅಪ್‌ಸ್ಕೇಲರನ್ನು ನೋಡಿಕೊಂಡು. ಇಎಸ್‌ಆರ್‌ಗ್ಯಾನ್ ಜಾತಿಯವು ಪಿಕ್ಸೆಲ್ ಚಿತ್ರವನ್ನೇ ಅಚ್ಚುಕಟ್ಟಾಗಿ ಹಿಗ್ಗಿಸುವುದರಿಂದ 0.3ರಿಂದ 0.5ರೊಳಗೆ ಕೆಲಸ ಮುಗಿಯುತ್ತದೆ. ಪಟ್ಟಿಯಲ್ಲಿ `Latent` ಎಂದಿರುವುದನ್ನು ಆರಿಸಿದರೆ ಲೇಟೆಂಟ್ ಜಾಲವನ್ನೇ ಎಳೆದು ಹಿಗ್ಗಿಸುತ್ತಾರೆ, ಅದು ಮಸುಕು ಮಸುಕಾಗುತ್ತದೆ. ಆ ಮಸುಕನ್ನು ಕಳೆಯಲು 0.5ಕ್ಕಿಂತ ಮೇಲೆ ಹೋಗಲೇಬೇಕು, ಹೋದಷ್ಟೂ ಚಿತ್ರ ಬದಲಾಗುತ್ತದೆ. ಪರದೆಯಲ್ಲಿ ಮೊದಲೇ ತುಂಬಿರುವ ಅಂಕಿ 0.7. ಇಎಸ್‌ಆರ್‌ಗ್ಯಾನ್ ಆರಿಸಿದವರು ಅದನ್ನು ಇಳಿಸಲು ಮರೆತರೆ ಸೀರೆಯ ನೆರಿಗೆಯಲ್ಲೊಂದು ಕೈ ಮೊಳೆಯುವುದು ಕಾಣುತ್ತದೆ.

ಸೀಡ್ ಅಂಕಿಯನ್ನು ಹಾಗೇ ಇಟ್ಟು ಅಳತೆ ಮಾತ್ರ ಹೆಚ್ಚಿಸಿದರೆ ಅದೇ ಚಿತ್ರ ದೊಡ್ಡದಾಗಿ ಬರುತ್ತದೆ ಎಂದು ನಂಬಿದವರಿದ್ದಾರೆ. ಬರುವುದಿಲ್ಲ. ಜಾಲದ ಅಳತೆ ಬದಲಾದರೆ ಮೊದಲ ನಾಯ್ಸೇ ಬೇರೆ, ಚಿತ್ರವೂ ಬೇರೆ.

ಹೊಸ ಮಾಡೆಲ್‌ಗಳು ಈ ರೋಗವನ್ನು ಮುಂದಕ್ಕೆ ತಳ್ಳಿವೆ, ಕಳೆದಿಲ್ಲ. 2023ರ ಜುಲೈನಲ್ಲಿ ಬಂದ ಎಸ್‌ಡಿಎಕ್ಸ್‌ಎಲ್‌ನ ಮೂಲ ಅಳತೆ 1024×1024. ಚೌಕವಲ್ಲದೆ 832×1216ರಂಥ ಉದ್ದ ಆಕಾರಗಳನ್ನೂ, ಹೆಚ್ಚುಕಡಿಮೆ ಅಷ್ಟೇ ಒಟ್ಟು ಪಿಕ್ಸೆಲ್ ಇರುವಂತೆ ನೋಡಿಕೊಂಡು, ಅದಕ್ಕೆ ತೋರಿಸಿದ್ದಾರೆ. ಹಾಗಾಗಿ ನಿಂತ ಆಕೃತಿಗಳು ಅದರಲ್ಲಿ ನೆಟ್ಟಗೆ ಬರುತ್ತವೆ. 2048 ಕೇಳಿ ನೋಡಿ, ಅವಳಿಗಳು ಮರಳುತ್ತಾರೆ. ಮರುತರಬೇತಿಯಿಲ್ಲದೆ ಮಾಡೆಲಿನ ಕಿಂಡಿಯನ್ನೇ ಅಗಲಿಸುವ ಸ್ಕೇಲ್‌ಕ್ರಾಫ್ಟರ್‌ನಂಥ ಸಂಶೋಧನೆಗಳೂ 2023ರಿಂದ ಬಂದಿವೆ. ಅದರ ಉಪಾಯ ಸರಳ: ಕಿಂಡಿಯ ಒಂಬತ್ತು ಕಣ್ಣುಗಳ ನಡುವೆ ಅಂತರ ಬಿಟ್ಟು ಅವು ಇನ್ನಷ್ಟು ದೂರ ಚಾಚುವಂತೆ ಮಾಡುವುದು. ದಿನದ ಕೆಲಸಕ್ಕೆ ಎರಡು ಸುತ್ತಿನ ದಾರಿಯೇ ಸುಲಭ ಎಂಬುದು ನನ್ನ ಎಣಿಕೆ.

ಮುಖಪುಟಕ್ಕೆ ಬರೋಣ. ಈಗ ಕೈಯಲ್ಲಿರುವುದು 1024×1536. ಇದನ್ನು ಮತ್ತೊಮ್ಮೆ ಮಾಡೆಲಿನ ಮೂಲಕ ಹಾಯಿಸುವ ಆಸೆ ಬರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದು ಎಂದು ಚಿತ್ರವನ್ನು 512ರ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೇ ತಿದ್ದುವ ಸಲಕರಣೆಗಳೂ ಇವೆ. ಅಲ್ಲಿ ಹಳೆಯ ಭೂತ ಹೊಸ ವೇಷದಲ್ಲಿ ಕಾದಿರುತ್ತದೆ: ಗೋಡೆಯಷ್ಟೇ ಇರುವ ತುಂಡಿಗೂ ‘ಕೆಂಪು ಸೀರೆಯ ಹೆಂಗಸು’ ಎಂಬ ಪ್ರಾಂಪ್ಟೇ ಹೋಗುತ್ತದೆ. ಅಂಕಿ ಸ್ವಲ್ಪ ಜಾಸ್ತಿಯಾದರೆ ಗೋಡೆಯ ಕಲೆಯೊಂದು ಪುಟ್ಟ ಹೆಂಗಸಾಗುತ್ತದೆ. ಹೀಗೆ ಮಾಡುವವರು ಪ್ರಾಂಪ್ಟಿನಿಂದ ಹೆಂಗಸನ್ನು ತೆಗೆದು ಬೆಳಕು, ಬಟ್ಟೆ, ಕಲ್ಲು ಎಂಬಷ್ಟನ್ನೇ ಉಳಿಸಿ, ಅಂಕಿಯನ್ನು 0.2, 0.3ರಲ್ಲಿ ಇಡುವುದು ಒಳ್ಳೆಯದು.

ಮುಖಪುಟಕ್ಕೆ ಅಷ್ಟು ಬೇಕಿಲ್ಲ. ಬರೀ ಅಪ್‌ಸ್ಕೇಲರಿನಲ್ಲಿ ಎರಡೂವರೆ ಪಟ್ಟು ಹಿಗ್ಗಿಸಿದರೆ 2560×3840 ಆಗುತ್ತದೆ. ಎ4ರ ಸುತ್ತ ಕಟಿಂಗ್‌ಗೆಂದು 3 ಮಿ.ಮೀ. ಬ್ಲೀಡ್ ಬಿಟ್ಟರೆ ಬೇಕಾಗುವುದು ಸುಮಾರು 2551×3579. ಅಗಲದಲ್ಲಿ ಒಂಬತ್ತು ಪಿಕ್ಸೆಲ್ ಮಿಗುತ್ತದೆ. ಎತ್ತರದಲ್ಲಿ 260ರಷ್ಟು ಕತ್ತರಿಸಬೇಕು, ಅದಕ್ಕಾಗಿ ಮೊದಲ ಚಿಕ್ಕ ಚಿತ್ರ ಆರಿಸುವಾಗಲೇ ತಲೆಯ ಮೇಲೆ ಅಥವಾ ಪಾದದ ಕೆಳಗೆ ಅಷ್ಟು ಖಾಲಿ ಜಾಗ ಇರುವುದನ್ನು ನೋಡಿಕೊಂಡಿರಬೇಕು. ಅದೇ ಚಿತ್ರವನ್ನು ನಾಲ್ಕು ಅಡಿ ಅಗಲ, ಆರು ಅಡಿ ಎತ್ತರದ ಫ್ಲೆಕ್ಸ್‌ಗೆ ಕೊಡುವುದಾದರೆ ಕತ್ತರಿಸುವ ಕೆಲಸವೂ ಇಲ್ಲ, 512×768ರ ಅನುಪಾತವೇ ಅದು. ಇಂಚಿಗೆ 53 ಚುಕ್ಕೆ ಬಿದ್ದೀತು. ರಸ್ತೆಯ ಆಚೆ ಬದಿಯಿಂದ ನೋಡುವವರಿಗೆ ಅಷ್ಟು ಸಾಕು.